20 ಎಚ್‌ಪಿ ಕಂಪ್ರೆಸರ್‌ಗೆ ಮೂರು ಕೊಟೇಶನ್ ಬಂದಿವೆ, ಒಂದೇ ಹಾಳೆಯಲ್ಲಿ ಹೋಲಿಸೋದು ಹೇಗೆ?

ಪೀಣ್ಯ_ಸ್ಟೋರ್ಸ್
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಒಂದು ಚಿಕ್ಕ ಮಶೀನ್ ಶಾಪ್‌ನಲ್ಲಿ ಸ್ಟೋರ್ಸ್ ಮತ್ತು ಪರ್ಚೇಸ್ ಎರಡೂ ನಾನೇ ನೋಡಿಕೊಳ್ಳುತ್ತೇನೆ. ಈಗಿರುವ ಪಿಸ್ಟನ್ ಕಂಪ್ರೆಸರ್ ಸಾಕಾಗುತ್ತಿಲ್ಲ. ಮೂರು ಸಿಎನ್‌ಸಿ ಒಟ್ಟಿಗೆ ಓಡಿದರೆ ಗಾಳಿಯ ಪ್ರೆಶರ್ ಇಳಿದು ಮಶೀನ್ ಅಲಾರಂ ಹೊಡೆಯುತ್ತದೆ. ಅದಕ್ಕೆ 20 ಎಚ್‌ಪಿ ಸ್ಕ್ರೂ ಕಂಪ್ರೆಸರ್ ತಗೋಬೇಕು ಅಂತ ತೀರ್ಮಾನ ಆಗಿದೆ. ಮೂರು ಕೊಟೇಶನ್ ಬಂದಿವೆ, ಒಂದೊಂದೂ ಒಂದೊಂದು ಥರ ಇದೆ.

ಕೊಯಮತ್ತೂರಿನವರದು 4,10,000. ಎಕ್ಸ್-ವರ್ಕ್ಸ್ ಅಂತ ಬರೆದಿದ್ದಾರೆ. ಪ್ಯಾಕಿಂಗ್ 2% ಬೇರೆ, ಲಾರಿ ಬಾಡಿಗೆ ಎಷ್ಟಾಗುತ್ತೋ ಅಷ್ಟು. 30% ಅಡ್ವಾನ್ಸ್, ಉಳಿದ 70% ಮಾಲು ಹೊರಡುವ ಮುಂಚೆ. ಡೆಲಿವರಿ 4-5 ವಾರ.

ಪುಣೆಯವರದು 5,35,000, ನಮ್ಮ ಜಾಗಕ್ಕೆ ತಲುಪಿಸಿ. ಡ್ರೈಯರ್, 500 ಲೀಟರ್ ಟ್ಯಾಂಕ್ ಸೇರಿದೆ. 40% ಅಡ್ವಾನ್ಸ್, 50% ಹೊರಡುವ ಮುಂಚೆ, 10% ಚಾಲೂ ಮಾಡಿಕೊಟ್ಟ ಮೇಲೆ. ಡೆಲಿವರಿ 6-8 ವಾರ.

ಬೆಂಗಳೂರಿನ ಡೀಲರ್ 6,25,400 ಅಂದಿದ್ದಾರೆ. ಸ್ಟಾಕ್ ಇದೆ, ಒಂದು ವಾರದಲ್ಲಿ ಕೊಡುತ್ತಾರೆ. 10% ಆರ್ಡರ್ ಜೊತೆ, ಉಳಿದದ್ದು ಡೆಲಿವರಿ ಆಗಿ 30 ದಿನಕ್ಕೆ.

ವಾರಂಟಿ ಮೂವರೂ 12 ತಿಂಗಳು ಅಂತಾರೆ. ಸೋಮವಾರ ಓನರ್ ಮುಂದೆ ಒಂದೇ ಹಾಳೆ ಇಡಬೇಕು. ರೇಟು ಪಕ್ಕಪಕ್ಕ ಬರೆದರೆ ಕೊಯಮತ್ತೂರೇ ಗೆದ್ದ ಹಾಗೆ ಕಾಣುತ್ತದೆ. ಅಷ್ಟೇನಾ?

ಲೇತ್_ಮಂಜ
ಅದರಲ್ಲಿ ಯೋಚನೆ ಏನು ಮೇಡಂ. ಕೊಯಮತ್ತೂರಿನ ಪೇಪರ್ ಹಿಡಿದು ಉಳಿದ ಇಬ್ಬರಿಗೂ ತೋರಿಸಿ, ರೇಟು ಇಳಿಸಿ ಅನ್ನಿ. ಡೀಲರ್ ಅಂತೂ ಎರಡು ಲಕ್ಷ ಜಾಸ್ತಿ ಹೇಳಿದ್ದಾನೆ, ಅವನನ್ನ ಲಿಸ್ಟಿಂದಲೇ ತೆಗೀರಿ. ಜಾಬ್ ವರ್ಕ್ ಮಾಡೋ ನಮಗೆ ಅಷ್ಟು ಮಾರ್ಜಿನ್ ಎಲ್ಲಿದೆ?

ಹಳೇ_ಪರ್ಚೇಸ್
ಮಂಜಣ್ಣ, ತಡೀರಿ. ರೇಟು ಇಳಿಸೋಕೆ ಪೇಪರ್ ತೋರಿಸುವ ಮುಂಚೆ ಆ ರೇಟು ಯಾವುದಕ್ಕೆ ಅಂತ ಗೊತ್ತಾಗಬೇಕು. ಇಲ್ಲದಿದ್ದರೆ "ಅದರಲ್ಲಿ ಡ್ರೈಯರ್ ಎಲ್ಲಿದೆ ಸರ್?" ಅಂತ ಒಂದೇ ಮಾತಲ್ಲಿ ಬಾಯಿ ಮುಚ್ಚಿಸುತ್ತಾರೆ.

ಮೇಡಂ, ನಿಮ್ಮ ಹಾಳೆಯ ಮೊದಲ ಸಾಲು ರೇಟು ಆಗಬಾರದು. ನಿಮಗೆ ಬೇಕಾದ ಸಾಮಾನಿನ ಪಟ್ಟಿ ಆಗಬೇಕು. ಎಡಗಡೆ ಕಾಲಂನಲ್ಲಿ ಕಂಪ್ರೆಸರ್, ಡ್ರೈಯರ್, ಟ್ಯಾಂಕ್ (ಎಷ್ಟು ಲೀಟರ್), ಫಿಲ್ಟರ್, ಪ್ಯಾಕಿಂಗ್, ಲಾರಿ, ದಾರಿಯ ಇನ್ಶೂರೆನ್ಸ್, ಇಳಿಸೋದು, ಚಾಲೂ ಮಾಡಿಕೊಡೋದು ಅಂತ ಬರೆಯಿರಿ. ಇದು ನಿಮ್ಮ ಪಟ್ಟಿ, ಸಪ್ಲೈಯರ್‌ದಲ್ಲ. ಆಮೇಲೆ ಒಂದೊಂದು ಕೊಟೇಶನ್ ಓದಿ ಪ್ರತಿ ಚೌಕದಲ್ಲೂ ಮೂರರಲ್ಲಿ ಒಂದು ಬರೆಯಿರಿ: ರೂಪಾಯಿ, "ಸೇರಿದೆ", ಇಲ್ಲವೇ "ಕೇಳಬೇಕು". ಯಾವ ಚೌಕವನ್ನೂ ಖಾಲಿ ಬಿಡಬೇಡಿ. ಖಾಲಿ ಇದ್ದರೆ ಎಕ್ಸೆಲ್ ಅದನ್ನ ಸೊನ್ನೆ ಅಂತ ಕೂಡುತ್ತದೆ. ಬಿಲ್ ಬಂದಾಗ ಅದು ಸೊನ್ನೆ ಆಗಿರೋದಿಲ್ಲ.

ಈಗ ಮೂರು ಪ್ರಶ್ನೆ. ಕೊಯಮತ್ತೂರಿನ ರೇಟಿನಲ್ಲಿ ಡ್ರೈಯರ್, ಟ್ಯಾಂಕ್ ಇದೆಯಾ? ಡೀಲರ್ ರೇಟಿನಲ್ಲಿ ಜಿಎಸ್‌ಟಿ ಸೇರಿದೆಯಾ? ಅವರ ಟ್ಯಾಂಕ್ ಎಷ್ಟು ಲೀಟರ್?

ಪೀಣ್ಯ_ಸ್ಟೋರ್ಸ್
ಈಗಷ್ಟೇ ಫೋನ್ ಮಾಡಿ, ಮೇಲ್‌ನಲ್ಲೂ ಬರೆಸಿಕೊಂಡೆ. ಕೊಯಮತ್ತೂರು: ಬರೀ ಕಂಪ್ರೆಸರ್. ಡ್ರೈಯರ್ 78,000, 500 ಲೀಟರ್ ಟ್ಯಾಂಕ್ 46,000. ಕೊಟೇಶನ್‌ನ ಎರಡನೇ ಪುಟದಲ್ಲಿ "ಆಪ್ಷನಲ್" ಅಂತ ಚಿಕ್ಕದಾಗಿ ಇತ್ತು. ಡೀಲರ್: 18% ಜಿಎಸ್‌ಟಿ ಸೇರಿಸಿ ಹೇಳಿದ್ದಂತೆ! ಟ್ಯಾಂಕ್ 300 ಲೀಟರ್, 500 ಬೇಕಂದ್ರೆ 15,000 ಜಾಸ್ತಿ, ಜಿಎಸ್‌ಟಿ ಬೇರೆ. ಅವರು ಇಳಿಸಿ, ಕೂರಿಸಿ ಕೊಡುತ್ತಾರೆ. ಉಳಿದ ಇಬ್ಬರದ್ದೂ ಇಳಿಸೋದು ನಮ್ಮ ಖರ್ಚು. ಪಕ್ಕದ ಕ್ರೇನಿನವರು 4,000 ಅಂದರು. ಕೊಯಮತ್ತೂರಿಂದ ಲಾರಿ, ಇನ್ಶೂರೆನ್ಸ್ ಸೇರಿ 14,000 ಆಗಬಹುದು ಅಂತ ಟ್ರಾನ್ಸ್‌ಪೋರ್ಟ್‌ನವರು ಹೇಳಿದರು.

ಹಳೇ_ಪರ್ಚೇಸ್
ಬಹಳ ಚೆನ್ನಾಯ್ತು. ಜಿಎಸ್‌ಟಿ ತೆಗೆಯೋದು ಹೇಗೆ ಅಂದ್ರೆ, 18% ಕಳೆಯಬೇಡಿ, 1.18ರಿಂದ ಭಾಗಿಸಿ. ತುಂಬಾ ಜನ 6,25,400ಕ್ಕೆ 18% ಲೆಕ್ಕ ಹಾಕಿ ಕಳೆದುಬಿಡುತ್ತಾರೆ. ಆಗ ಡೀಲರ್ ರೇಟು ಇರುವುದಕ್ಕಿಂತ 17,000ಕ್ಕೂ ಹೆಚ್ಚು ಕಡಿಮೆ ಕಾಣುತ್ತದೆ.

```
=625400/1.18
```

ಈಗ ನಿಮ್ಮ ಅಂಕಿ ಹಾಕಿದೆ, ನೋಡಿ. ಎಲ್ಲವೂ ಜಿಎಸ್‌ಟಿ ಬಿಟ್ಟು.

| ವಿವರ | ಕೊಯಮತ್ತೂರು | ಪುಣೆ | ಡೀಲರ್ |
|---|---|---|---|
| ಕೊಟೇಶನ್ ರೇಟು | 4,10,000 | 5,35,000 | 5,30,000 |
| ಡ್ರೈಯರ್ | 78,000 | ಸೇರಿದೆ | ಸೇರಿದೆ |
| ಟ್ಯಾಂಕ್ 500 ಲೀ. | 46,000 | ಸೇರಿದೆ | 15,000 |
| ಪ್ಯಾಕಿಂಗ್ | 10,680 | ಸೇರಿದೆ | ಸೇರಿದೆ |
| ಲಾರಿ, ಇನ್ಶೂರೆನ್ಸ್ | 14,000 | ಸೇರಿದೆ | ಸೇರಿದೆ |
| ಇಳಿಸೋದು | 4,000 | 4,000 | ಸೇರಿದೆ |
| ನಮ್ಮ ಶೆಡ್‌ನಲ್ಲಿ ಒಟ್ಟು | 5,62,680 | 5,39,000 | 5,45,000 |

ಪ್ಯಾಕಿಂಗ್ 2% ಅನ್ನೋದನ್ನ ಡ್ರೈಯರ್, ಟ್ಯಾಂಕ್ ಸೇರಿಸಿದ ಮೊತ್ತದ ಮೇಲೆ ಹಾಕಿದ್ದೇನೆ, ಅವರೂ ಹಾಗೇ ಹಾಕುತ್ತಾರೆ. ಎಲ್ಲರಿಗಿಂತ ಅಗ್ಗ ಅಂತ ಕಂಡದ್ದು ಈಗ ಎಲ್ಲರಿಗಿಂತ ದುಬಾರಿ. ಹಾಗಂತ ಕೊಯಮತ್ತೂರಿನವರು ಮೋಸ ಮಾಡಿದ್ದಾರೆ ಅಂತಲ್ಲ. ಅವರು ಹಾಗೆ ಕೊಟೇಶನ್ ಕೊಡೋದು ರೂಢಿ. ಟ್ಯಾಂಕ್ ಈಗಾಗಲೇ ಇರುವ ಫ್ಯಾಕ್ಟರಿಗೆ ಅದೇ ಲಾಭ.

ಅಂದಹಾಗೆ, ಹಳೇ ಪಿಸ್ಟನ್ ಕಂಪ್ರೆಸರ್‌ನ ಟ್ಯಾಂಕ್ ನಿಮ್ಮ ಹತ್ತಿರ ಇದೆಯಲ್ವಾ? ಅದು ಚೆನ್ನಾಗಿದ್ದರೆ ಲೆಕ್ಕ ಮತ್ತೆ ಬದಲಾಗುತ್ತದೆ.

ಪೀಣ್ಯ_ಸ್ಟೋರ್ಸ್
ಇದೆ ಸರ್, ಆದರೆ ತುಂಬಾ ಹಳೇದು. ಕೆಳಗಡೆ ಡ್ರೈನ್ ಹತ್ತಿರ ತುಕ್ಕು ಹಿಡಿದಿದೆ. ಓನರ್ ಅದನ್ನ ಗುಜರಿಗೆ ಹಾಕೋಣ ಅಂದಿದ್ದಾರೆ.

ಹಳೇ_ಪರ್ಚೇಸ್
ಹಾಗಾದರೆ ಬೇಡವೇ ಬೇಡ. ಪ್ರೆಶರ್ ಪಾತ್ರೆಯ ವಿಷಯದಲ್ಲಿ ಉಳಿತಾಯ ನೋಡಬಾರದು.

ಮೈಸೂರು_ಅಪಾರ್ಟ್‌ಮೆಂಟ್
ಈ ಪಟ್ಟಿ ನಮಗೂ ಉಪಯೋಗ ಆಯ್ತು. ನಮ್ಮ ಅಸೋಸಿಯೇಷನ್‌ಗೆ ಜನರೇಟರ್ ತಗೋಬೇಕು, ನಾನು ಸೆಕ್ರೆಟರಿ. ಆದರೆ ನೀವು ಜಿಎಸ್‌ಟಿ ಬಿಟ್ಟು ಹೋಲಿಸಿದ್ದು ಯಾಕೆ? ನಾವು ಕೊಡೋದು ಜಿಎಸ್‌ಟಿ ಸೇರಿಸಿದ ದುಡ್ಡೇ ಅಲ್ವಾ?

ಲೆಕ್ಕದವನು
ನಿಮ್ಮದು ಬೇರೆ, ಅವರದು ಬೇರೆ. ಮಶೀನ್ ಶಾಪ್‌ನವರು ಕೊಟ್ಟ 18% ಅನ್ನು ತಮ್ಮ ಔಟ್‌ಪುಟ್ ಟ್ಯಾಕ್ಸ್ ಎದುರು ಕ್ರೆಡಿಟ್ ತಗೋತಾರೆ. ಅವರಿಗೆ ಅದು ಖರ್ಚಲ್ಲ, ಸ್ವಲ್ಪ ದಿನ ಸಿಕ್ಕಿಹಾಕಿಕೊಂಡ ದುಡ್ಡು ಅಷ್ಟೇ. ನಿಮ್ಮ ಅಸೋಸಿಯೇಷನ್ ಮೇಂಟೆನೆನ್ಸ್ ಮೇಲೆ ಜಿಎಸ್‌ಟಿ ಹಾಕದಿದ್ದರೆ ಆ ಕ್ರೆಡಿಟ್ ಸಿಗೋದಿಲ್ಲ, ಹಾಗಾಗಿ ನಿಮಗೆ ಪೂರ್ತಿ 18% ಖರ್ಚೇ. ನೀವು ಸೇರಿಸಿಯೇ ಹೋಲಿಸಿ.

ಇನ್ನೊಂದು. ಸಪ್ಲೈಯರ್ ಕಾಂಪೊಸಿಷನ್ ಸ್ಕೀಮ್‌ನಲ್ಲಿದ್ದರೆ ಬಿಲ್‌ನಲ್ಲಿ ಟ್ಯಾಕ್ಸ್ ಬೇರೆ ತೋರಿಸುವ ಹಾಗಿಲ್ಲ. ಅಂಥವರ 5,45,000 ನಿಮಗೆ ಅಗ್ಗ ಆಗಬಹುದು, ಆದರೆ ಪೀಣ್ಯದವರಿಗೆ ಕ್ರೆಡಿಟ್ ಇಲ್ಲದ 5,45,000. ಹಾಳೆಯಲ್ಲಿ ಅದಕ್ಕೂ ಒಂದು ಸಾಲು ಇರಲಿ.

ಪೇಮೆಂಟ್ ಶೆಡ್ಯೂಲನ್ನೂ ರೂಪಾಯಿಗೆ ಇಳಿಸೋಣ. ಮೇಡಂ, ನಿಮ್ಮ ಸಿಸಿ ಅಕೌಂಟಿನ ಬಡ್ಡಿ ಎಷ್ಟು?

ಪೀಣ್ಯ_ಸ್ಟೋರ್ಸ್
ಸುಮಾರು 12% ಅಂದರು ನಮ್ಮ ಅಕೌಂಟ್ಸ್‌ನವರು.

ಲೆಕ್ಕದವನು
ಸುಲಭ ಆಯ್ತು, ತಿಂಗಳಿಗೆ 1%. ಮಶೀನ್ ಚಾಲೂ ಆಗುವ ದಿನವನ್ನ ಸೊನ್ನೆ ಅಂತ ಇಟ್ಕೊಳ್ಳಿ. ಅದಕ್ಕಿಂತ ಮುಂಚೆ ಕೊಟ್ಟ ದುಡ್ಡಿಗೆ ಬಡ್ಡಿ ಸೇರಿಸಿ, ಆಮೇಲೆ ಕೊಡುವ ದುಡ್ಡಿಗೆ ಬಡ್ಡಿ ಕಳೆಯಿರಿ.

ಪುಣೆ: 40% ಅಂದ್ರೆ 2,14,000 ಎರಡು ತಿಂಗಳು ಮುಂಚೆ ಹೋಗುತ್ತದೆ, ಬಡ್ಡಿ 4,280. ಇನ್ನು 50% ಅಂದ್ರೆ 2,67,500 ಹದಿನೈದು ದಿನ ಮುಂಚೆ, ಸುಮಾರು 1,340. ಒಟ್ಟು 5,600ರ ಆಸುಪಾಸು. ಕೊಯಮತ್ತೂರಿಗೂ ಹೀಗೇ ಹಾಕಿದರೆ ಸುಮಾರು 4,500 ಬರುತ್ತದೆ. ಡೀಲರ್‌ಗೆ 90% ಒಂದು ತಿಂಗಳು ತಡವಾಗಿ ಕೊಡ್ತೀರಿ, ಅಲ್ಲಿ ನಿಮಗೇ 4,900 ಉಳಿತಾಯ.

ಅಂದ್ರೆ ಪುಣೆ ಸುಮಾರು 5,44,600. ಡೀಲರ್ ಸುಮಾರು 5,40,100. ಆರು ಸಾವಿರ ಜಾಸ್ತಿ ಇದ್ದ ಡೀಲರ್ ಈಗ ನಾಲ್ಕೂವರೆ ಸಾವಿರ ಕಡಿಮೆ. ಇಷ್ಟು ಹತ್ತಿರ ಬಂದ ಮೇಲೆ ರೇಟು ನೋಡೋದು ಬಿಡಿ, ಉಳಿದ ಶರತ್ತು ನೋಡಿ. ಜಿಎಸ್‌ಟಿ ದುಡ್ಡಿನ ಬಡ್ಡಿ ನಾನು ಹಾಕಿಲ್ಲ. ಹಾಕಿದರೂ ಡೀಲರ್ ಕಡೆಗೇ ವಾಲುತ್ತದೆ, ಯಾಕಂದ್ರೆ ಮಾಲು ಮತ್ತು ಬಿಲ್ ಕೈಗೆ ಬಂದ ಮೇಲೆ ತಾನೇ ಕ್ರೆಡಿಟ್.

ಲೇತ್_ಮಂಜ
30 ದಿನ ಯಾಕೆ ಸರ್, 90 ದಿನ ಎಳೆದರೆ ಇನ್ನೂ ಉಳಿಯುತ್ತೆ 😀 ಆದರೆ ಎಂಎಸ್‌ಎಂಇ ಸಪ್ಲೈಯರ್‌ಗೆ 45 ದಿನದಲ್ಲಿ ಕೊಡಲೇಬೇಕು ಅಂತ ಕಾನೂನು ಇದೆ, ಯಾರಿಗಾದರೂ ಸರಿ. ನಮ್ಮ ಆಡಿಟರ್ ಹೇಳಿದ್ದು.

ಲೆಕ್ಕದವನು
ಅರ್ಧ ಸರಿ. 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಆದರೆ ಅದು ಮೈಕ್ರೋ ಮತ್ತು ಸ್ಮಾಲ್ ಘಟಕಗಳಿಗೆ. ಮೀಡಿಯಂಗೆ ಇಲ್ಲ. ಬರೀ ಕೊಂಡು ಮಾರುವ ಟ್ರೇಡರ್‌ಗಳಿಗೆ ಉದ್ಯಮ್ ನೋಂದಣಿ ಸಿಕ್ಕಿರೋದು ಬ್ಯಾಂಕಿನ ಆದ್ಯತಾ ಸಾಲದ ಸೌಲಭ್ಯಕ್ಕೆ ಮಾತ್ರ. ನಿಮ್ಮ ಡೀಲರ್ ಯಾವ ಗುಂಪಿಗೆ ಸೇರುತ್ತಾರೆ ಅಂತ ಅವರ ಉದ್ಯಮ್ ಸರ್ಟಿಫಿಕೇಟ್ ಕೇಳಿ ನೋಡಿ. ಅದೇನೇ ಇರಲಿ, 30 ದಿನ ಅಂತ ಒಪ್ಪಿಕೊಂಡ ಮೇಲೆ 90 ಎಳೆದರೆ ಮುಂದಿನ ಸಲ ಸರ್ವಿಸ್‌ಗೆ ಕರೆದಾಗ ಬರ್ತಾರಾ ಮಂಜಣ್ಣ?

ಪಂಚಾಯ್ತಿ_ಗುಮಾಸ್ತ
ನಮ್ಮ ಕಚೇರಿಯಲ್ಲಿ ಈ ಗೊಂದಲವೇ ಇಲ್ಲ. ಎಲ್-1 ಯಾರೋ ಅವರಿಗೆ ಕೊಡಬೇಕು, 1999ರ ಕೆಟಿಪಿಪಿ ಕಾಯ್ದೆ. ಇಲ್ಲಿ ಕೊಯಮತ್ತೂರು ಎಲ್-1. ಕಡಿಮೆ ರೇಟು ಬಿಟ್ಟು ಬೇರೆಯವರಿಗೆ ಕೊಟ್ಟರೆ ಆಡಿಟ್ ಆಕ್ಷೇಪಣೆ ಬರುತ್ತದೆ.

ಹಳೇ_ಪರ್ಚೇಸ್
ಗುಮಾಸ್ತರೇ, ಖಾಸಗಿ ಶಾಪ್‌ಗೆ ಆ ಕಾಯ್ದೆ ಅನ್ವಯ ಆಗೋದಿಲ್ಲ. ಇನ್ನು ನಿಮ್ಮಲ್ಲೂ ಟೆಂಡರ್ ಅಂದ್ರೆ ಮೊದಲು ಸ್ಪೆಸಿಫಿಕೇಶನ್ ನೀವೇ ಕೊಟ್ಟಿರ್ತೀರಿ, ಎಲ್ಲರೂ ಅದೇ ಸಾಮಾನಿಗೆ ರೇಟು ಹಾಕಿರ್ತಾರೆ. ಡ್ರೈಯರ್ ಇಲ್ಲದವರನ್ನ ಡ್ರೈಯರ್ ಇರೋರ ಜೊತೆ ಹೋಲಿಸಿ ಎಲ್-1 ಅನ್ನೋದಿಲ್ಲ ತಾನೇ. ಇಲ್ಲಿ ಪಟ್ಟಿ ಕೊಡದೆ ಕೊಟೇಶನ್ ಕೇಳಿದ್ದರಿಂದ ಆ ಕೆಲಸ ಹಿಂದಿನಿಂದ ಮಾಡಬೇಕಾಗಿದೆ, ಅಷ್ಟೇ.

ಪಂಚಾಯ್ತಿ_ಗುಮಾಸ್ತ
ಅದು ಒಪ್ಪಿದೆ. ಆದರೂ ಕಡಿಮೆಯವರನ್ನ ಬಿಟ್ಟಿದ್ದಕ್ಕೆ ಕಾರಣ ಹಾಳೆಯಲ್ಲೇ ಬರೆದಿಡಿ. ಎರಡು ವರ್ಷ ಬಿಟ್ಟು ಯಾರಾದರೂ ಕೇಳೇ ಕೇಳ್ತಾರೆ.

ಏರ್‌ಎಂಡ್_ಸರ್ವಿಸ್
ಕಂಪ್ರೆಸರ್ ಸರ್ವಿಸ್ ಕೆಲಸ ನನ್ನದು. ರೇಟಿನ ಬಗ್ಗೆ ನಾನೇನೂ ಹೇಳೋದಿಲ್ಲ. ಎರಡು ವಿಷಯ ಮಾತ್ರ.

ಒಂದು, ಮೂವರ ವಾರಂಟಿಯೂ 12 ತಿಂಗಳು ಅಂತ ಒಂದೇ ಸಾಲಿನಲ್ಲಿ ಬರೀಬೇಡಿ. ಎಂದಿನಿಂದ 12 ತಿಂಗಳು ಅನ್ನೋದನ್ನ ಬರೀರಿ. ಬಿಲ್ ತಾರೀಕಿನಿಂದಲಾ, ಚಾಲೂ ಮಾಡಿದ ದಿನದಿಂದಲಾ? "ಚಾಲೂ ಆದ ಮೇಲೆ 12 ತಿಂಗಳು ಅಥವಾ ಡಿಸ್ಪ್ಯಾಚ್ ಆಗಿ 18 ತಿಂಗಳು, ಯಾವುದು ಮುಂಚೆಯೋ ಅದು" ಅಂತ ಇದ್ದರೆ ಒಳ್ಳೆಯದು. ಬಿಲ್ ತಾರೀಕಿನಿಂದ ಇದ್ದರೆ, ಮಶೀನ್ ಪ್ಲಾಸ್ಟಿಕ್ ಸುತ್ತಿಕೊಂಡು ಮೂಲೆಯಲ್ಲಿ ಕೂತಿರುವಾಗಲೇ ವಾರಂಟಿ ಕರಗುತ್ತಾ ಇರುತ್ತದೆ. 20 ಎಚ್‌ಪಿ ಅಂದ್ರೆ 15 ಕಿಲೋವ್ಯಾಟ್. ನಿಮ್ಮ ಮಂಜೂರಾದ ಲೋಡ್‌ನಲ್ಲಿ ಅಷ್ಟು ಜಾಗ ಇದೆಯಾ? ಇಲ್ಲದಿದ್ದರೆ ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳೋವರೆಗೆ ಅದು ಹಾಗೇ ಕೂರಬೇಕು.

ಎರಡು, ಗಾಳಿ ಎಷ್ಟು ಕೊಡುತ್ತೆ ಅನ್ನೋದು ನಿಮ್ಮ ಹಾಳೆಯಲ್ಲೇ ಇಲ್ಲ! ನೀವು ದುಡ್ಡು ಕೊಡ್ತಿರೋದು ಗಾಳಿಗೆ. ಮೂವರೂ ಎಷ್ಟು ಸಿಎಫ್‌ಎಂ, ಎಷ್ಟು ಬಾರ್ ಪ್ರೆಶರ್‌ನಲ್ಲಿ ಬರೆದಿದ್ದಾರೆ?

ಪೀಣ್ಯ_ಸ್ಟೋರ್ಸ್
ಕೊಯಮತ್ತೂರು 88 ಸಿಎಫ್‌ಎಂ, 7.5 ಬಾರ್. ಪುಣೆ 84, 8 ಬಾರ್. ಡೀಲರ್ 100 ಸಿಎಫ್‌ಎಂ ಅಂತ ಇದೆ, ಬಾರ್ ಬರೆದಿಲ್ಲ.

ವಾರಂಟಿ ಮತ್ತೆ ಓದಿದೆ. ಕೊಯಮತ್ತೂರು ನೀವು ಹೇಳಿದ 12/18 ಥರ. ಡೀಲರ್ ಚಾಲೂ ಆದ ದಿನದಿಂದ. ಪುಣೆ ಬಿಲ್ ತಾರೀಕಿನಿಂದ 12 ತಿಂಗಳು, ಆದರೆ ಗಾಳಿ ಒತ್ತುವ ಸ್ಕ್ರೂ ಭಾಗಕ್ಕೆ, ಅಂದ್ರೆ ಏರ್ ಎಂಡ್‌ಗೆ, 5 ವರ್ಷ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ.

ಏರ್‌ಎಂಡ್_ಸರ್ವಿಸ್
ಮೊದಲಿನ ಎರಡು ನಂಬುವ ಹಾಗಿವೆ. ಪ್ರೆಶರ್ ಜಾಸ್ತಿ ಆದ ಹಾಗೆ ಗಾಳಿ ಕಡಿಮೆ ಆಗುತ್ತೆ, ಹಾಗಾಗಿ 88 ಮತ್ತು 84 ನಡುವೆ ದೊಡ್ಡ ವ್ಯತ್ಯಾಸ ಇಲ್ಲ. 15 ಕಿಲೋವ್ಯಾಟ್ ಮೋಟರ್‌ನಲ್ಲಿ ಅದೇ ಪ್ರೆಶರ್‌ಗೆ 100 ಸಿಎಫ್‌ಎಂ ಅಂದ್ರೆ ನನಗೆ ಅನುಮಾನ. ಬಾರ್ ಬರೆಯದೆ ಸಿಎಫ್‌ಎಂ ಬರೆದರೆ ಅದಕ್ಕೆ ಅರ್ಥವೇ ಇಲ್ಲ. ಐಎಸ್‌ಒ 1217 ಪ್ರಕಾರ, 7.5 ಬಾರ್‌ನಲ್ಲಿ ಎಷ್ಟು ಎಫ್‌ಎಡಿ, ಅಂದ್ರೆ ನಿಜವಾಗಿ ಎಷ್ಟು ಗಾಳಿ ಕೊಡುತ್ತೆ, ಫ್ಯಾನ್ ಸೇರಿ ಒಟ್ಟು ಎಷ್ಟು ಕಿಲೋವ್ಯಾಟ್ ತಗೊಳ್ಳುತ್ತೆ ಅಂತ ಟೆಸ್ಟ್ ಶೀಟ್ ಕೇಳಿ. ಕರೆಂಟ್ ಬಿಲ್ಲಿನ ಎದುರು ನಿಮ್ಮ ನಾಲ್ಕೂವರೆ ಸಾವಿರ ಯಾವ ಲೆಕ್ಕ? ಒಂದು ಕಿಲೋವ್ಯಾಟ್ ಜಾಸ್ತಿ ಎಳೆದರೂ ಎರಡು ಶಿಫ್ಟ್ ಓಡಿಸುವ ಶಾಪ್‌ನಲ್ಲಿ ವರ್ಷಕ್ಕೆ 4,800 ಯೂನಿಟ್. ದಿನಕ್ಕೆ 16 ಗಂಟೆ, 300 ದಿನ ಹಾಕಿ ನೋಡಿ.

ಏರ್ ಎಂಡ್ 5 ವರ್ಷದ ಕೆಳಗೆ ಚಿಕ್ಕಕ್ಷರ ಇರುತ್ತದೆ. ಅವರದೇ ಆಯಿಲ್, ಅವರದೇ ಫಿಲ್ಟರ್ ಕಿಟ್, ಅವರ ಎಂಜಿನಿಯರ್‌ದೇ ಸರ್ವಿಸ್, ಹೇಳಿದ ಗಂಟೆಗೆ ಸರಿಯಾಗಿ. ಒಂದು ಸಲ ಹೊರಗಿನ ಆಯಿಲ್ ಹಾಕಿದ್ರೂ ಮುಗೀತು. ಆ 5 ವರ್ಷದ ಕಿಟ್ ಮತ್ತು ಆಯಿಲ್ ರೇಟನ್ನ ಈಗಲೇ ಬರೆಸಿಕೊಳ್ಳಿ. ಅದು ವಾರಂಟಿಯ ಬೆಲೆ.

ಕ್ವಾಲಿಟಿ_ಹುಬ್ಬಳ್ಳಿ
ಇಷ್ಟೆಲ್ಲ ಯಾಕೆ? ನಮ್ಮ ಕಂಪನಿಯಲ್ಲಿ ಮಾರ್ಕ್ಸ್ ಹಾಕ್ತೀವಿ. ರೇಟಿಗೆ 50, ಡೆಲಿವರಿಗೆ 20, ವಾರಂಟಿಗೆ 20, ಪೇಮೆಂಟಿಗೆ 10. ಕೂಡಿದರೆ ಆಯ್ತು, ಯಾರೂ ಪ್ರಶ್ನೆ ಮಾಡೋದಿಲ್ಲ.

ಹಳೇ_ಪರ್ಚೇಸ್
ಯಾರೂ ಪ್ರಶ್ನೆ ಮಾಡದಿರೋದೇ ನನಗೆ ಅದರಲ್ಲಿ ಇಷ್ಟ ಆಗದ್ದು. ಡೆಲಿವರಿ ಒಂದು ವಾರಕ್ಕೆ 20, ಎಂಟು ವಾರಕ್ಕೆ 8 ಅಂತ ಯಾರು ಹೇಳಿದ್ದು? ಈ ಶಾಪ್‌ಗೆ ಎಂಟು ವಾರ ಅಂದ್ರೆ ಎಷ್ಟು ಜಾಬ್ ಲೇಟ್ ಆಗುತ್ತೆ, ಬಾಡಿಗೆ ಕಂಪ್ರೆಸರ್ ತರಬೇಕಾಗುತ್ತಾ, ಅದನ್ನ ರೂಪಾಯಿಯಲ್ಲಿ ಬರೆದರೆ ಓನರ್‌ಗೆ ತಕ್ಷಣ ಅರ್ಥ ಆಗುತ್ತೆ. ರೂಪಾಯಿಗೆ ಇಳಿಯದೇ ಇರೋದನ್ನ ಮಾತಲ್ಲೇ ಬರೆಯಿರಿ.

ಕ್ವಾಲಿಟಿ_ಹುಬ್ಬಳ್ಳಿ
ಇಪ್ಪತ್ತು ಐಟಂಗೆ ಎಂಟೆಂಟು ಕೊಟೇಶನ್ ಬಂದಾಗ ಮಾತಲ್ಲಿ ಬರೀತಾ ಕೂರೋಕಾಗುತ್ತಾ ಸರ್? ಮಾರ್ಕ್ಸ್ ಬೇಕೇ ಬೇಕು. ನಾವು ಕೊಟೇಶನ್ ತೆರೆಯುವ ಮುಂಚೆಯೇ ಮಾರ್ಕ್ಸ್ ಹಂಚಿಕೆ ಬರೆದಿಡ್ತೀವಿ, ಬೇಕಾದವರಿಗೆ ಬೇಕಾದ ಹಾಗೆ ಮಾಡೋಕಾಗಲ್ಲ.

ಹಳೇ_ಪರ್ಚೇಸ್
ಮುಂಚೆಯೇ ಬರೆದಿಡೋದು ಒಳ್ಳೇ ಪದ್ಧತಿ, ಅದಕ್ಕೆ ನನ್ನ ತಕರಾರಿಲ್ಲ. ಮೂರು ಕೊಟೇಶನ್‌ಗೆ ಮಾತ್ರ ನಾನು ಮಾರ್ಕ್ಸ್ ಹಾಕೋದಿಲ್ಲ.

ಮೇಡಂ, ಡೆಲಿವರಿಯಲ್ಲೂ "ಎಂದಿನಿಂದ" ನೋಡಿ. 6-8 ವಾರ ಅನ್ನೋದು ನೀವು ಪಿಒ ಕೊಟ್ಟ ದಿನದಿಂದ ಅಲ್ಲ, ಅಡ್ವಾನ್ಸ್ ಅವರ ಅಕೌಂಟಿಗೆ ಬಿದ್ದು ಡ್ರಾಯಿಂಗ್ ಒಪ್ಪಿದ ದಿನದಿಂದ ಅಂತ ಇರುತ್ತೆ. ತಡವಾದರೆ ವಾರಕ್ಕೆ 0.5%, ಹೆಚ್ಚೆಂದರೆ 5% ಕಡಿತ ಅಂತ ಪಿಒದಲ್ಲಿ ಹಾಕಿ. ಅವರು ಒಪ್ಪುತ್ತಾರೋ ಇಲ್ಲವೋ ಅನ್ನೋದೇ ಆ ತಾರೀಕಿನ ಮೇಲೆ ಅವರಿಗೆಷ್ಟು ನಂಬಿಕೆ ಅಂತ ಹೇಳುತ್ತೆ.

ಪೇಮೆಂಟ್ ಬಗ್ಗೆ ಲೆಕ್ಕದವರು ಬಡ್ಡಿ ಹೇಳಿದರು, ಸರಿ. ನನಗೆ ಅದಕ್ಕಿಂತ ಮುಖ್ಯ, ಮಶೀನ್ ಓಡೋ ದಿನ ನಿಮ್ಮ ಕೈಯಲ್ಲಿ ಎಷ್ಟು ಉಳಿದಿರುತ್ತೆ ಅನ್ನೋದು. ಕೊಯಮತ್ತೂರಿಗೆ ಸೊನ್ನೆ, ಪುಣೆಗೆ 10%, ಡೀಲರ್‌ಗೆ 90%. ಡ್ರೈಯರ್ ಕೆಲಸ ಮಾಡದೆ ಲೈನ್‌ನಲ್ಲಿ ನೀರು ಬಂದರೆ ಯಾರು ಬೇಗ ಓಡಿ ಬರ್ತಾರೆ ಹೇಳಿ? ಹಾಳೆಯಲ್ಲಿ ಇದು ಒಂದೇ ಸಾಲು, ಆದರೆ ನಾನು ಮೊದಲು ನೋಡೋ ಸಾಲು.

ಪೀಣ್ಯ_ಸ್ಟೋರ್ಸ್
ಎಲ್ಲರಿಗೂ ಥ್ಯಾಂಕ್ಸ್. ಓನರ್ ಜೊತೆ ಮಾತಾಡಿದೆ. ಹಾಳೆಯ ಮೇಲ್ಭಾಗದಲ್ಲಿ ರೂಪಾಯಿ ಲೆಕ್ಕ, ಕೆಳಗೆ ಗಾಳಿ, ಡೆಲಿವರಿ, ವಾರಂಟಿ, ಕೈಯಲ್ಲಿ ಉಳಿಯುವ ದುಡ್ಡು ಅಂತ ನಾಲ್ಕು ಸಾಲು ಮಾಡಿದೆ. ಪ್ರತಿ ಉತ್ತರದ ಪಕ್ಕ ಅದು ಕೊಟೇಶನ್‌ನಲ್ಲಿ ಇದೆಯಾ, ಮೇಲ್‌ನಲ್ಲಿ ಬಂತಾ ಅಂತಲೂ ಬರೆದೆ. ಫೋನಿನಲ್ಲಿ ಹೇಳಿದ್ದನ್ನ ಹಾಕಿಲ್ಲ.

ಓನರ್ ಕೊಯಮತ್ತೂರು ಬೇಡ ಅಂದರು, ಕಾರಣ ಕೆಳಗೆ ಬರೆದಿಟ್ಟೆ. ಪುಣೆಯವರು ವಾರಂಟಿ ಚಾಲೂ ಆದ ದಿನದಿಂದ ಕೊಡೋಕೆ ಒಪ್ಪಿದ್ದಾರೆ, ಆದರೆ 50% ಅನ್ನು 40ಕ್ಕೆ ಇಳಿಸಲ್ಲ ಅಂದರು. ತಡವಾದರೆ ಕಡಿತ ಅನ್ನೋದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಲೋಡ್ ವಿಷಯ ಎಲೆಕ್ಟ್ರಿಶಿಯನ್‌ಗೆ ಕೇಳಿದ್ದೇನೆ. ಡೀಲರ್ ಟೆಸ್ಟ್ ಶೀಟ್ ಕಳಿಸ್ತೀನಿ ಅಂದರು, ಇನ್ನೂ ಬಂದಿಲ್ಲ.

ಏರ್‌ಎಂಡ್_ಸರ್ವಿಸ್
ಬಂದಾಗ ಅದರ ಮೇಲಿನ ಮಾಡೆಲ್ ನಂಬರ್, ಕೊಟೇಶನ್‌ನಲ್ಲಿರೋ ಮಾಡೆಲ್ ನಂಬರ್ ಎರಡೂ ಒಂದೇನಾ ನೋಡಿ. ಒಂದು ಸೈಜ್ ದೊಡ್ಡ ಮಶೀನಿನ ಶೀಟ್ ಕಳಿಸಿಬಿಡ್ತಾರೆ.

ಲೇತ್_ಮಂಜ
ಮೇಡಂ, ಹಳೇ ಪಿಸ್ಟನ್ ಕಂಪ್ರೆಸರ್‌ನ ಹೆಡ್ ಮತ್ತು ಮೋಟರ್ ಮಾರ್ತೀರಾ? ಟ್ಯಾಂಕ್ ಬೇಡ.